ಪದ ಅಳಿಸಿದರೆ ಸಾಲದು

ಉಪ್ಪಿನಕಾಯಿಯ ಜಾಹೀರಾತನ್ನು ಎಐಯಿಂದ ಬರೆಸಲು ಹೊರಟ ಅಪ್ಪೆಮಿಡಿ ಘಟಕವೊಂದು, ಸಾಗರದ್ದಿರಲಿ ಹೊಸನಗರದ್ದಿರಲಿ, ತನ್ನ ಸಿಬ್ಬಂದಿಗೆ ಮೊದಲು ಒಂದು ಪ್ರಾಂಪ್ಟ್ ಕೈಪಿಡಿ ಮಾಡಿಕೊಡಬೇಕು. ಅದರಲ್ಲಿ ಮೂರು ಭಾಗ: ಬಳಸಬಹುದಾದ ಮಾತು, ಬಳಸಬಾರದ ಪದ, ಮಾದರಿ ಬರಹ. ಹೆಚ್ಚಿನವರು ಎರಡನೆಯದಕ್ಕೇ ಶ್ರಮ ಹಾಕುತ್ತಾರೆ. ಕೆಲಸ ಕೆಡುವುದೂ ಅಲ್ಲಿಯೇ. ತಡೆಯಬೇಕಾದುದು ಪದ ಕೊಡುವ ಭರವಸೆಯನ್ನು. ಪದವನ್ನು ಮಾತ್ರ ತಡೆದರೆ ಭರವಸೆ ಬೇರೆ ವೇಷದಲ್ಲಿ ಒಳಗೆ ಬರುತ್ತದೆ.

‘ಮನೆಯಲ್ಲೇ ತಯಾರಿಸಿದ್ದು’ ಎಂಬ ಮಾತನ್ನೇ ತೆಗೆದುಕೊಳ್ಳಿ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಾವಳಿ ಇಂಥ ಮಾತನ್ನು ಒಪ್ಪುವುದಿಲ್ಲ. ಗ್ರಾಹಕರಿಗೆ ತಪ್ಪು ಕಲ್ಪನೆ ಬಂದೀತು ಎಂಬುದು ಕಾರಣ. ಆದ್ದರಿಂದ ಕೈಪಿಡಿ ಆ ಪದವನ್ನು ನಿಷೇಧಿಸುತ್ತದೆ. ಎಐ ಅದನ್ನು ಬಿಟ್ಟು, ‘ಅಜ್ಜಿಯ ಕೈರುಚಿ, ನಮ್ಮ ಅಡುಗೆಮನೆಯಿಂದ ನಿಮ್ಮ ಊಟದೆಲೆಗೆ’ ಎಂದು ಬರೆದುಕೊಡುತ್ತದೆ. ಪದ ಹೋಯಿತು, ತಪ್ಪು ಕಲ್ಪನೆ ಹಾಗೇ ಉಳಿಯಿತು. ‘ಅಜ್ಜಿ’ಯನ್ನೂ ಪಟ್ಟಿಗೆ ಸೇರಿಸಿದರೆ ‘ಅಮ್ಮ’ ಬರುತ್ತಾಳೆ. ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಪಾಲನೆ ಸಡಿಲವಾಗುತ್ತಲೇ ಹೋಗುತ್ತದೆ. ಅದರ ಬದಲು ಹೀಗೆ ಬರೆಯಬೇಕು: ‘ಮನೆಯಲ್ಲಿ ಮಾಡಿದ್ದು ಎಂಬ ಭಾವನೆ ತರುವ ಯಾವ ಮಾತೂ ಬೇಡ, ಏಕೆಂದರೆ ಇದು ಘಟಕದಲ್ಲಿ ತಯಾರಾಗುವ ಸರಕು. ಆ ಜಾಗದಲ್ಲಿ ಮಿಡಿಯನ್ನು ತೊಟ್ಟು ಸಮೇತ ಕೊಯ್ದದ್ದನ್ನು, ಉಪ್ಪಿನಲ್ಲಿ ಹಾಕಿ ಮುರುಟಿಸಿದ್ದನ್ನು ಹೇಳಿ.’ ತಡೆ, ಕಾರಣ, ಬದಲಿ ಮೂರೂ ಒಂದೇ ಕಡೆ ಇವೆ. ಕಾರಣ ಗೊತ್ತಾದರೆ ಪಟ್ಟಿಯಲ್ಲಿಲ್ಲದ ಮಾತನ್ನೂ ಎಐ ಬಹುಮಟ್ಟಿಗೆ ತಾನೇ ಬಿಡುತ್ತದೆ. ಬದಲಿ ಕೈಯಲ್ಲಿದ್ದರೆ ಬಿಟ್ಟ ಜಾಗವನ್ನು ಸವಕಲು ಮಾತಿನಿಂದ ತುಂಬುವುದಿಲ್ಲ. ‘ತಾಜಾ’ ಎಂಬುದಕ್ಕೂ ಇದೇ ಕ್ರಮ. ತೊಳೆಯುವುದು, ಸಿಪ್ಪೆ ತೆಗೆಯುವುದು, ಕತ್ತರಿಸುವುದು, ತಂಪಿನಲ್ಲಿಡುವುದು ಇಂಥ ಕೆಲವನ್ನು ಬಿಟ್ಟು ಬೇರೆ ಸಂಸ್ಕರಣೆ ಕಂಡ ಆಹಾರಕ್ಕೆ ಆ ಪದ ಸಲ್ಲದು ಎನ್ನುತ್ತದೆ ನಿಯಮ. ಉಪ್ಪು, ಸಾಸಿವೆ, ಮೆಣಸಿನಪುಡಿಯಲ್ಲಿ ಕೂತ ಮಿಡಿ ತಾಜಾ ಅಲ್ಲ. ‘ಈಗಷ್ಟೇ ಮರದಿಂದ ಇಳಿದ’ ಎಂದು ಸುತ್ತಿ ಬಳಸಿ ಹೇಳಿದರೂ ಅಲ್ಲ.

ಮಾದರಿ ಬರಹದ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ನಿಯಮಕ್ಕಿಂತ ಮಾದರಿಯ ಹಿಡಿತ ಗಟ್ಟಿ. ಒಂದೇ ಒಂದು ಮಾದರಿ ಕೊಟ್ಟು ನೋಡಿ. ಶರಾವತಿ ದಂಡೆಯ ಜೀರಿಗೆ ಪರಿಮಳದ ಮಿಡಿಯ ಬಗ್ಗೆ ಅದರಲ್ಲಿ ನಾಲ್ಕು ಒಳ್ಳೆಯ ವಾಕ್ಯಗಳಿದ್ದರೆ, ನಾಳೆ ನಿಂಬೆ ಉಪ್ಪಿನಕಾಯಿಯ ಜಾಹೀರಾತಿಗೂ ನಾಲ್ಕೇ ವಾಕ್ಯ ಬರುತ್ತದೆ. ನಿಂಬೆಯೂ ಶರಾವತಿ ದಂಡೆಯದ್ದಾಗುತ್ತದೆ. ಶೈಲಿ ಕಲಿಯಲೆಂದು ಕೊಟ್ಟದ್ದರಿಂದ ಸಂಗತಿ ಸೋರಿದೆ. ಹೊರಗಿನವರಿಗೆ ಇದು ಕಣ್ಣಿಗೆ ಬೀಳದು. ಮಿಡಿ ಎಲ್ಲಿಂದ ಬಂತು, ನಿಂಬೆ ಎಲ್ಲಿಂದ ಬಂತು ಎಂದು ಬಲ್ಲವರೇ ಹಿಡಿಯಬೇಕು. ಮಾದರಿ ಕನಿಷ್ಠ ಮೂರಿರಲಿ. ಸರಕು ಬೇರೆ ಬೇರೆ ಇರಲಿ, ಉದ್ದವೂ ಬೇರೆ ಬೇರೆ ಇರಲಿ. ‘ಧಾಟಿ ಮಾತ್ರ ಇಲ್ಲಿಂದ, ಸಂಗತಿ ಕೆಳಗಿನ ವಿವರದಿಂದ’ ಎಂಬ ಸೂಚನೆ ಮೇಲಿರಲಿ. ತಿರಸ್ಕರಿಸಿದ ಬರಹವೊಂದನ್ನೂ ಕಾರಣದೊಡನೆ ಜೊತೆಗಿಟ್ಟರೆ ಹೊಸದಾಗಿ ಸೇರಿದ ಸಿಬ್ಬಂದಿಗೂ ದಾರಿ ಗೊತ್ತಾಗುತ್ತದೆ.

ಒಪ್ಪಿತ ಮಾತುಗಳಿಗೂ ಷರತ್ತು ಬೇಕು. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ 1999ರ ಕಾಯ್ದೆಯ ಪ್ರಕಾರ ಆ ಸೂಚಕ ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರದ್ದು. ‘ಜಿಐ ಮಾನ್ಯತೆಯ ಅಪ್ಪೆಮಿಡಿ’ ಎಂಬುದನ್ನು ಬರಿಯ ಪಟ್ಟಿಯಲ್ಲಿಟ್ಟರೆ ಎಐ ಅದನ್ನು ಪ್ರತಿ ಬಾಟಲಿಗೂ ಅಂಟಿಸುತ್ತದೆ. ಯಾವ ಬಾಟಲಿಗೆ, ಯಾವ ದಾಖಲೆ ಕೈಯಲ್ಲಿದ್ದಾಗ ಎಂದು ಆ ಮಾತಿನ ಪಕ್ಕದಲ್ಲೇ ಬರೆದಿಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ನಿಷಿದ್ಧ ಪದಗಳ ಕೊನೆಯ ಪರಿಶೀಲನೆಯನ್ನು ಎಐಗೆ ಬಿಡುವಂತಿಲ್ಲ. ಮುದ್ರಣಕ್ಕೆ ಹೋಗುವ ಮೊದಲು ಒಬ್ಬರು ಕೂತು ಹುಡುಕಬೇಕು, ಅದೂ ಪದದ ಮೂಲರೂಪ ಹಾಕಿ. ‘ಶುದ್ಧವಾದ’ ಎಂದು ಹುಡುಕಿದರೆ ‘ಪರಿಶುದ್ಧ’ ಸಿಗುವುದಿಲ್ಲ; ‘ಶುದ್ಧ’ ಎಂದರೆ ಎರಡೂ ಸಿಗುತ್ತವೆ. ಅದೇ ಅರ್ಥ ಕೊಟ್ಟರೂ ಪಟ್ಟಿಯಲ್ಲಿಲ್ಲದ ‘ಅಪ್ಪಟ’ದಂಥ ಮಾತನ್ನು ಮಾತ್ರ ಕಣ್ಣಿಟ್ಟು ಓದಿಯೇ ಹಿಡಿಯಬೇಕು.