ಪೇಟೆಯ ಸಾಮಾನು ತೋಟದ ಬಾಗಿಲಿಗೆ: ಲೆಕ್ಕ ಕೂಡುವುದು ಎಲ್ಲಿ?

ನಮ್ಮ ಪೇಟೆಯಲ್ಲಿ ಇಬ್ಬರು ತರುಣರು ಒಂದು ಮೋಟಾರ್ ಬೈಕು, ಒಂದು ಮೊಬೈಲು ಇಟ್ಟುಕೊಂಡು ಹಳ್ಳಿಗಳಿಗೆ ಸಾಮಾನು ತಲುಪಿಸುವ ಕೆಲಸ ಆರಂಭಿಸಿರುವುದು ಸದಸ್ಯ ಬಾಂಧವರಲ್ಲಿ ಅನೇಕರಿಗೆ ತಿಳಿದೇ ಇದೆ. ವಾಟ್ಸಾಪಿನಲ್ಲಿ ಚೀಟಿ ಕಳಿಸಿದರೆ ದಿನಸಿ, ಔಷಧಿ, ಪಂಪಿನ ಬಿಡಿಭಾಗ ಏನೇ ಇದ್ದರೂ ಮಾರನೆಯ ದಿನ ತಂದುಕೊಡುತ್ತಾರೆ. ಮನೆಯೊಂದಕ್ಕೆ 40 ರೂಪಾಯಿ ಕೂಲಿ. ಈ ಕೂಲಿ ಹೆಚ್ಚಾಯಿತೆಂದು ಕೆಲವರು ಆಕ್ಷೇಪಿಸುತ್ತಿರುವುದರಿಂದ ಇದರ ಲೆಕ್ಕವನ್ನು ಬೆಳೆಗಾರರ ಮುಂದಿಡುವುದು ಉಚಿತವೆಂದು ತೋರಿತು.

ಶಿವಮೊಗ್ಗ, ಚಿಕ್ಕಮಗಳೂರಿನಂಥ ಊರುಗಳಲ್ಲಿ ಸ್ವಿಗ್ಗಿ, ಝೊಮ್ಯಾಟೊ ಕಂಪನಿಗಳವರು ಇದಕ್ಕಿಂತ ಕಡಿಮೆಗೆ ತಲುಪಿಸುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಅಲ್ಲಿ ನಾಲ್ಕೈದು ಕಿಲೋಮೀಟರಿನೊಳಗೆ ಸಾವಿರಾರು ಮನೆಗಳಿವೆ. ಒಬ್ಬ ಹುಡುಗ ಗಂಟೆಗೆ ಎರಡು ಮೂರು ಮನೆ ಮುಟ್ಟಬಲ್ಲ. ಗಿರಾಕಿಯಿಂದ ಬರುವ ಕೂಲಿಯ ಜೊತೆಗೆ ಹೋಟೆಲಿನವರಿಂದ ಕಮಿಷನ್ನೂ ಕಂಪನಿಗೆ ಸಿಗುತ್ತದೆ. ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಒಂದು ಗುಡ್ಡ, ಒಂದು ಹಳ್ಳ. ದೊಡ್ಡ ಕಂಪನಿಗಳು ಇತ್ತ ತಲೆ ಹಾಕದಿರುವುದಕ್ಕೆ ಕಾರಣ ಇದೇ ಹೊರತು ನಮ್ಮ ಮೇಲಿನ ತಾತ್ಸಾರವಲ್ಲ.

ಈ ತರುಣರ ಒಂದು ಸುತ್ತನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪೇಟೆಯಿಂದ ಹೊರಟು ಒಳದಾರಿಗಳನ್ನೆಲ್ಲ ಹೊಕ್ಕು ಮರಳುವಾಗ 32 ಕಿಲೋಮೀಟರ್ ಆಗುತ್ತದೆ. ಏರುತಗ್ಗಿನ ರಸ್ತೆಯಲ್ಲಿ ಬೈಕು ಲೀಟರಿಗೆ 45 ಕಿಲೋಮೀಟರ್ ಕೊಟ್ಟರೆ ದೊಡ್ಡದು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಸುತ್ತೊಂದಕ್ಕೆ ಸುಮಾರು 75 ರೂಪಾಯಿ ಅದಕ್ಕೇ ಬೇಕು. ಟೈರು, ಚೈನು, ಬ್ರೇಕು, ಆಯಿಲಿನ ಸವೆತಕ್ಕೆ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ರೂಪಾಯಿಯಂತೆ 30 ರೂಪಾಯಿ ಇಡೋಣ. ಅಲ್ಲಿಗೆ 105 ಆಯಿತು. ಮೂರು ಗಂಟೆಯ ದುಡಿಮೆಗೆ ತೋಟದ ಕೂಲಿಯ ಲೆಕ್ಕದಲ್ಲಿ 200 ರೂಪಾಯಿಯಾದರೂ ಬೇಡವೇ? ಒಟ್ಟು 305 ರೂಪಾಯಿ.

ಎಂಟು ಮನೆಯ ಚೀಟಿ ಕೂಡಿದರೆ ತಲಾ 40ರಂತೆ 320 ಬಂದು ಲೆಕ್ಕ ಸರಿಹೋಗುತ್ತದೆ. ಐದೇ ಮನೆಯಾದರೆ ಬರುವುದು 200; ಖರ್ಚು ಕಳೆದು ಮೂರು ಗಂಟೆಯ ದುಡಿಮೆಗೆ ಉಳಿಯುವುದು 95. ಒಂದೇ ಮನೆಗೆ ಹೋದರೆ 65 ರೂಪಾಯಿ ಕೈಯಿಂದ ಕಳೆದುಕೊಂಡಂತೆ. ಎಂದರೆ ಕೂಲಿ ಹೆಚ್ಚೋ ಕಡಿಮೆಯೋ ಎಂಬುದು ದೂರದಿಂದ ತೀರ್ಮಾನವಾಗುವುದಿಲ್ಲ. ಒಂದು ಸುತ್ತಿನಲ್ಲಿ ಎಷ್ಟು ಮನೆ ಕೂಡಿತು ಎಂಬುದರಿಂದ ತೀರ್ಮಾನವಾಗುತ್ತದೆ. ಅದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಹಿಂದಿನ ಸಂಜೆ ಏಳು ಗಂಟೆಯೊಳಗೆ ಚೀಟಿ ಕಳಿಸಬೇಕೆಂದು ಅವರು ಕೇಳುವುದು ನ್ಯಾಯವಾಗಿದೆ. ಬೈಕು ಹೊರಟ ಮೇಲೆ ಫೋನು ಮಾಡಿ 'ಅರ್ಧ ಕೆಜಿ ಸಕ್ಕರೆಯನ್ನೂ ಹಾಕಪ್ಪ' ಎಂದರೆ ಆತ ಪೇಟೆಗೆ ಮರಳಬೇಕಾಗುತ್ತದೆ. ಉಳಿದ ಏಳು ಮನೆಯವರು ಕಾಯಬೇಕಾಗುತ್ತದೆ. ಕೊನೆಯ ಎರಡು ಕಿಲೋಮೀಟರಿನ ಮಣ್ಣು ರಸ್ತೆಯದೂ ಇದೇ ಕಥೆ. ಮಳೆಗಾಲದಲ್ಲಿ ಆ ಎರಡು ಕಿಲೋಮೀಟರಿಗೆ ಹಿಡಿಯುವ ಹೊತ್ತಿನಲ್ಲಿ ಡಾಂಬರು ರಸ್ತೆಯ ಬದಿಯ ಮೂರು ಮನೆ ಮುಗಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಲಿನ ಡೇರಿಯಲ್ಲೋ ರಸ್ತೆ ಬದಿಯ ಅಂಗಡಿಯಲ್ಲೋ ಇಳಿಸಿಕೊಳ್ಳುವ ಏರ್ಪಾಡನ್ನು ನಾವೇ ಮಾಡಿಕೊಳ್ಳುವುದು ಮೇಲು.

ತುರ್ತಿನ ಮಾತು ಬೇರೆ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಎರಡು ದಿನ ಹೊಳವಾಗಿದೆ. 200 ಲೀಟರಿನ ಡ್ರಮ್ಮಿಗೆ ಎರಡು ಕೆಜಿ ಮೈಲುತುತ್ತ, ಎರಡು ಕೆಜಿ ಸುಣ್ಣ ಕಲಸಿ ಆಗಿದೆ. ಕೊನೆಗಾರ ಮರ ಹತ್ತಿದ್ದಾನೆ. ಆಗ ಪಂಪಿನ ವಾಷರ್ ಹೋಯಿತೆನ್ನಿ. ಬೋರ್ಡೋ ದ್ರಾವಣವನ್ನು ಮಾಡಿದ ದಿನವೇ ಮುಗಿಸಬೇಕು. ವಾಷರ್ ತರಲು ಬಸ್ಸಿನಲ್ಲಿ ಆಳು ಕಳಿಸಿದರೆ ಅವನು ಬರುವುದು ಸಂಜೆಗೆ. ಇಂಥ ಹೊತ್ತಿನಲ್ಲಿ ಸುತ್ತಿನ ಪೂರ್ತಿ ಖರ್ಚು ಮುನ್ನೂರು ರೂಪಾಯಿ ಕೊಟ್ಟು ತರಿಸಿದರೂ ನಮಗೇ ಲಾಭ. ಆದರೆ ತುರ್ತಿಗೆ 40 ರೂಪಾಯಿಯೇ ಕೊಡುತ್ತೇವೆಂದು ಹಟ ಹಿಡಿಯುವುದು ತರವಲ್ಲ. ವಾಷರನ್ನು ಬಾಯಲ್ಲಿ ವರ್ಣಿಸದೆ, ಹಳೆಯದರ ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆದು, ಪಂಪಿನ ಹೆಸರು ಬರೆದು ಕಳಿಸಿದರೆ ಅಳತೆ ತಪ್ಪಿ ಇನ್ನೊಂದು ಸುತ್ತು ಸುತ್ತುವುದು ತಪ್ಪುತ್ತದೆ.

ನಮ್ಮ ಕಡೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಕಳಿಸಿದ ಚೀಟಿಯ ಕೆಳಗೆ ಒಂದೇ ಗೀಟು ಬಿದ್ದಿದ್ದರೆ ಅದು ಇನ್ನೂ ಅವರ ಫೋನಿಗೆ ಮುಟ್ಟಿಲ್ಲವೆಂದು ಅರ್ಥ. ಎರಡು ಗೀಟು ಬಿದ್ದರೆ ಮುಟ್ಟಿದೆ. ಆದರೆ ಓದಿದ್ದಾರೆಂದು ಹೇಳುವಂತಿಲ್ಲ. ಅವರು ಚೀಟಿಗೆ ನಂಬರು ಹಾಕಿ ಮರುತ್ತರ ಕೊಟ್ಟ ಮೇಲಷ್ಟೇ ಆರ್ಡರು ಆಯಿತೆಂದು ಇಬ್ಬರೂ ತಿಳಿಯಬೇಕು. 'ಕಳಿಸಿದ್ದೆ, ತರಲಿಲ್ಲ' ಎಂಬ ಜಗಳಗಳಲ್ಲಿ ಬಹುಪಾಲು ಇಷ್ಟರಿಂದಲೇ ನಿಲ್ಲುತ್ತವೆ.

ಇಂಥ ಉದ್ಯೋಗವನ್ನು ನಿಜವಾಗಿ ಮುಳುಗಿಸುವುದು ಪೆಟ್ರೋಲಲ್ಲ, ಉದ್ರಿ. ಮನೆಯೊಂದಕ್ಕೆ 600 ರೂಪಾಯಿ ಸಾಮಾನೆಂದರೆ ಎಂಟು ಮನೆಗೆ 4,800 ರೂಪಾಯಿಯನ್ನು ಹುಡುಗ ತನ್ನ ಜೇಬಿನಿಂದ ಅಂಗಡಿಗೆ ಕೊಡುತ್ತಾನೆ. ಎರಡು ಮನೆಯವರು 'ಅಡಿಕೆ ಕೊಟ್ಟ ಮೇಲೆ ನೋಡೋಣ' ಎಂದರೆ 1,200 ರೂಪಾಯಿ ಸಿಕ್ಕಿಬಿತ್ತು. ಅದು ಅವನ ಆರು ಸುತ್ತಿನ ದುಡಿಮೆ. ನಮಗೆ ಸುಗ್ಗಿಯವರೆಗೆ ತಡೆಯುವ ಅಭ್ಯಾಸವಿದೆ. ಪೆಟ್ರೋಲ್ ಬಂಕಿನವನಿಗೆ ಇಲ್ಲ.

ಇದಕ್ಕೆ ಸರಳ ಉಪಾಯವಿದೆ. ಸಾಮಾನಿನ ಹಣ ಹುಡುಗನ ಕೈ ಹಾಯಲೇಬಾರದು. ಅಂಗಡಿಯವರು ಬಿಲ್ಲಿನ ಫೋಟೋ ಕಳಿಸಲಿ. ನಾವು ಯುಪಿಐ ಮೂಲಕ ಅಂಗಡಿಗೇ ನೇರ ಹಣ ಹಾಕೋಣ. ಹುಡುಗನಿಗೆ ಕೂಲಿ ಮಾತ್ರ ಕೊಡೋಣ. ಬಿಲ್ಲು ನಮ್ಮ ಹೆಸರಿಗೇ ಬರುವುದರಿಂದ ಬೆಲೆಯ ಬಗ್ಗೆ ಸಂಶಯಕ್ಕೂ ಎಡೆಯಿಲ್ಲ. ಯುಪಿಐ ಇಲ್ಲದ ಹಿರಿಯರು ಒಂದು ಸಾವಿರ ರೂಪಾಯಿಯನ್ನು ಅಂಗಡಿಯಲ್ಲಿ ಮುಂಗಡವಾಗಿಟ್ಟರೆ ಸಾಕು. ಅಂಗಡಿಯವರಿಗೂ ಒಂದು ಎಚ್ಚರ: ಗಿರಾಕಿ ಕಳಿಸಿದ ಪರದೆಯ ಫೋಟೋ ನಂಬಿ ಸಾಮಾನು ಕೊಡದೆ, ಹಣ ತಮ್ಮ ಖಾತೆಗೆ ಜಮೆಯಾಗಿದೆಯೇ ಎಂದು ನೋಡಿಯೇ ಕೊಡಬೇಕು.

ತರುಣರಿಗೂ ಎರಡು ಮಾತು ಹೇಳಬೇಕಾಗಿದೆ. ತೋಟದ ಔಷಧಿಯನ್ನೂ ಅಕ್ಕಿ, ಬ್ರೆಡ್ಡನ್ನೂ ಒಂದೇ ಚೀಲದಲ್ಲಿ ತರಕೂಡದು. ಕೀಟನಾಶಕವು ಆಹಾರಕ್ಕೆ ತಾಗುವಂತೆ ಸಾಗಿಸಬಾರದೆಂದು 1971ರ ನಿಯಮಾವಳಿಯೇ ಹೇಳುತ್ತದೆ. ಬೈಕಿಗೆ ಎರಡು ಪ್ರತ್ಯೇಕ ಪೆಟ್ಟಿಗೆ ಕಟ್ಟಿಸಬೇಕು. ಎರಡನೆಯದಾಗಿ, ಸ್ವಂತ ಬಳಕೆಗೆಂದು ಮಾಡಿಸಿದ ವಿಮೆಯ ಬೈಕನ್ನು ಬಾಡಿಗೆ ಸಾಗಣೆಗೆ ಬಳಸಿದಾಗ ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯಬಹುದು. ನೋಂದಣಿಯ ವಿಷಯವನ್ನು ಸಾರಿಗೆ ಕಚೇರಿಯಲ್ಲೂ ಪಾಲಿಸಿಯನ್ನು ಏಜೆಂಟರಲ್ಲೂ ಈಗಲೇ ವಿಚಾರಿಸಿ ಸರಿಪಡಿಸಿಕೊಳ್ಳುವುದು ಕ್ಷೇಮ.

ನಮ್ಮ ಸಂಘವೇ ಒಂದು ಆ್ಯಪ್ ಮಾಡಿಸಲಿ ಎಂಬ ಸಲಹೆಯೂ ಕೇಳಿಬಂದಿದೆ. ಅದರ ಅಗತ್ಯ ನಮಗೆ ಕಾಣುವುದಿಲ್ಲ. ಎಂಟು ಮನೆಯ ಚೀಟಿಗೆ ವಾಟ್ಸಾಪೇ ಧಾರಾಳವಾಯಿತು. ಅದರ ಬದಲು ಯಾವ ದಿಕ್ಕಿಗೆ ಯಾವ ವಾರ ಸುತ್ತು ಎಂಬ ಪಟ್ಟಿಯನ್ನು ಸಂಘದ ಫಲಕದಲ್ಲಿ ಹಾಕಿ, ಇಳಿಸಿದ ಸಾಮಾನು ಸಂಜೆಯವರೆಗೆ ಇಡಲು ಗೋದಾಮಿನಲ್ಲಿ ಒಂದು ಕಪಾಟು ಬಿಟ್ಟುಕೊಟ್ಟರೆ ಸಾಕು. ಮುಂದಿನ ಮಾಸಿಕ ಸಭೆಯಲ್ಲಿ ಈ ಎರಡನ್ನು ಆಡಳಿತ ಮಂಡಳಿಯವರು ಪರಿಶೀಲಿಸಬೇಕೆಂದು ಕೋರುತ್ತೇವೆ.