ನಡೆದು ಬಂದವರ ಒಂದು ಸಾಲು

ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಿಂದ ತರುಣ ಉಪಾಧ್ಯಾಯರೊಬ್ಬರು ನಮಗೊಂದು ಭಾವಚಿತ್ರ ಕಳಿಸಿದ್ದರು. ಏಳೆಂಟು ಜನ ನೆಲದ ಮೇಲೆ ಕುಳಿತಿದ್ದಾರೆ. ಹಿಂದೆ ಕೊಟ್ಟೂರಿನ ತೇರು, ಇನ್ನೂ ಹೊರಡದೆ ನಿಂತದ್ದು. ಬೆಳಗಿನ ಬೆಳಕು ಓರೆಯಾಗಿ ಬಿದ್ದು, ಎಲ್ಲರ ಕಾಲಿನ ಧೂಳು ಕಾಣುತ್ತಿದೆ. ಒಬ್ಬ ಹೆಂಗಸು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡಿದ್ದಾಳೆ. ಒಬ್ಬ ಮುದುಕರು ಕ್ಯಾಮರಾದ ಕಡೆ ನೋಡುತ್ತಲೇ ಇಲ್ಲ. ಚಿತ್ರ ಚೆನ್ನಾಗಿತ್ತು. ಅದರ ಕೆಳಗೆ ಅವರೇ ಬರೆದಿದ್ದ ಸಾಲು ಹೀಗಿತ್ತು: ‘ಬರಿಗಾಲು, ಕಗ್ಗತ್ತಲೆ, ಕಲ್ಲುಹಾದಿ, ಛಲ ಬಿಡದೆ ನಡೆದೆವು, ಗೆದ್ದೆವು!’ ಜೊತೆಗೆ ಒಂದು ಕೋರಿಕೆ: “ಈ ಸಾಲು ನನಗೇ ಒಪ್ಪಿಗೆಯಾಗುತ್ತಿಲ್ಲ. ಏಕೆಂದು ತಿಳಿಯದು. ತಾವು ತಿದ್ದಿಕೊಡಬೇಕು.”

ಒಪ್ಪಿಗೆಯಾಗದಿದ್ದದ್ದು ಅವರ ಮನಸ್ಸಿನ ಆರೋಗ್ಯವನ್ನು ತೋರಿಸುತ್ತದೆ. ಆದರೆ ‘ಏಕೆ’ ಎಂಬುದಕ್ಕೆ ಉತ್ತರ ಹೇಳುವುದು ನಾವೆಣಿಸಿದಷ್ಟು ಸುಲಭವಾಗಲಿಲ್ಲ.

ನಡಿಗೆ ಆ ಸೀಮೆಗೆ ಹೊಸದಲ್ಲ. ಭಾರತ ಹುಣ್ಣಿಮೆ ಬಂತೆಂದರೆ ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕಕ್ಕೆ ಜನ ದಾರಿ ಹಿಡಿಯುತ್ತಾರೆ. ಆ ಧೂಳು ಆರುವ ಮೊದಲೇ, ಅದೇ ಮಾಘದ ಕೃಷ್ಣಪಕ್ಷದಲ್ಲಿ, ಶಿವರಾತ್ರಿಗೆ ಕೆಲವೇ ದಿನ ಮುಂಚೆ, ಕೊಟ್ಟೂರಿನ ಗುರು ಬಸವೇಶ್ವರನ ತೇರು. ದಾವಣಗೆರೆ, ಹರಪನಹಳ್ಳಿ, ಚಿತ್ರದುರ್ಗದ ಕಡೆಗಳಿಂದ ಸಾಲುಗಟ್ಟಿ ಜನ ನಡೆದು ಬರುತ್ತಾರೆ. ಮನೆಗೊಬ್ಬ ಕೊಟ್ರೇಶನೋ ಕೊಟ್ರಮ್ಮನೋ ಇರುವ ನಾಡು ಅದು. ಹೊಸಹಳ್ಳಿಯವರಿಗೆ ಕೊಟ್ಟೂರು ಒಂದು ರಾತ್ರಿಯ ದಾರಿ. ಕೃಷ್ಣಪಕ್ಷದ ನವಮಿ, ದಶಮಿಯ ಚಂದ್ರ ನಡುರಾತ್ರಿ ಕಳೆಯದೆ ಮೂಡುವುದಿಲ್ಲವಾದ್ದರಿಂದ, ಸಂಜೆ ಹೊರಟವರು ಅರ್ಧ ದಾರಿಯನ್ನು ಕತ್ತಲೆಯಲ್ಲೇ ನಡೆಯಬೇಕು. ಉಪಾಧ್ಯಾಯರು ಬರೆದ ‘ಕಗ್ಗತ್ತಲೆ’ ಸುಳ್ಳಲ್ಲ. ಬರಿಗಾಲೂ ಕಲ್ಲೂ ಸುಳ್ಳಲ್ಲ. ಆ ಸಾಲಿನಲ್ಲಿ ಸುಳ್ಳೆಂಬುದು ಒಂದೂ ಇಲ್ಲ. ತೊಡಕಿರುವುದೇ ಅಲ್ಲಿ.

ಯಾತ್ರೆ ಮುಗಿಸಿದವನು ಒಂದು ಸಾಲು ಬರೆದಿಡುವ ಆಸೆ ಕ್ಯಾಮರಾದೊಡನೆ ಹುಟ್ಟಿದ್ದಲ್ಲ. ಕನ್ನಡ ನಾಡಿನಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ಸಾಕ್ಷಿಯಿದೆ. ಹೊಸಹಳ್ಳಿಯ ಚಿತ್ರವನ್ನು ಮುಂದಿಟ್ಟುಕೊಂಡು ಕುಳಿತಾಗ ನಮಗೆ ನೆನಪಾದದ್ದು ಶ್ರವಣಬೆಳಗೊಳದ ಬಂಡೆಗಳು. ಅಲ್ಲಿಯ ಶಾಸನಗಳನ್ನು 1889ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದಾಗ ಸಿಕ್ಕಿದ್ದವು 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಅವನ್ನು 500ಕ್ಕೆ ಮುಟ್ಟಿಸಿದರು. 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573 ಆದವು. ಹೀಗೆ ಸೇರಿದವುಗಳಲ್ಲಿ ಬಹಳಷ್ಟು ರಾಜರ ದತ್ತಿಯೂ ಅಲ್ಲ, ಯುದ್ಧದ ವರ್ಣನೆಯೂ ಅಲ್ಲ. ದೂರದಿಂದ ಬಂದ ಯಾತ್ರಿಕರು ಬೆಟ್ಟದ ಬಂಡೆಯ ಮೇಲೆ ಕೆತ್ತಿಸಿ ಹೋದ ಒಂದೆರಡು ಪದಗಳು. ಕೆಲವು ಬರಿಯ ಹೆಸರು. ಕೆಲವು ಹೆಸರಿನ ಜೊತೆಗೆ ಒಂದೇ ಕ್ರಿಯಾಪದ: ಇಂಥವನು ಬಂದು ದೇವರನ್ನು ವಂದಿಸಿದನು. ಆ ‘ವಂದಿಸು’ವನ್ನು ಅವರು ತಮ್ಮ ಬಾಯಿಗೆ ಬಂದಂತೆ ‘ಬಂದಿಸು’ ಎಂದೇ ಬರೆದುಕೊಂಡರು.

ಅವರು ನಡೆದೇ ಬಂದವರು, ಹೆಚ್ಚೆಂದರೆ ಎತ್ತಿನ ಬೆನ್ನ ಹಿಂದೆ ಬಂದವರು. ಆದರೂ ಅಂಥ ಸಾಲುಗಳಲ್ಲಿ ಎಷ್ಟು ಗಾವುದ ಎಂಬ ಲೆಕ್ಕವಿಲ್ಲ, ಹಾದಿಯ ಕಳ್ಳರ ಮಾತಿಲ್ಲ. ರನ್ನನದೇ ಎಂದು ವಿದ್ವಾಂಸರು ಹೇಳುವ ಕೆತ್ತನೆಯೊಂದು ಚಿಕ್ಕಬೆಟ್ಟದಲ್ಲಿದೆ: ‘ಶ್ರೀ ಕವಿರತ್ನ’. ತನ್ನ ಕಾವ್ಯಗಳಲ್ಲಿ ತನ್ನನ್ನು ಹೊಗಳಿಕೊಳ್ಳಲು ಎಳ್ಳಷ್ಟೂ ಹಿಂಜರಿಯದ ಕವಿ, ಬೆಟ್ಟದ ಮೇಲೆ ಎರಡು ಪದಗಳಿಗೆ ನಿಲ್ಲಿಸಿಬಿಟ್ಟ. ಅಲ್ಲೂ ಬಿರುದನ್ನು ಬಿಡಲಿಲ್ಲವಲ್ಲ ಎಂದು ನಗುವವರು ನಗಬಹುದು. ಹೆಸರು ಬರೆದದ್ದೇ ಆಡಂಬರವಲ್ಲವೆ ಎಂದೂ ಕೇಳಬಹುದು. ಹೆಸರು ಬರೆಯುವುದರಲ್ಲಿ ದೋಷವಿಲ್ಲವೆಂದು ನಾವು ಭಾವಿಸುತ್ತೇವೆ. ಹಂಪೆಯ ಗುಡಿಗಳ ನೆಲಗಲ್ಲಿನ ಮೇಲೆ ಅಲ್ಲಲ್ಲಿ ಸಾಷ್ಟಾಂಗ ಬಿದ್ದ ಭಕ್ತರ ರೇಖಾರೂಪಗಳಿವೆ. ಒಳಗೆ ಹೋಗುವವರೆಲ್ಲ ಅವರನ್ನು ತುಳಿದುಕೊಂಡೇ ಹೋಗಬೇಕು. ತನ್ನ ಗುರುತನ್ನು ಬಿಡುವುದಕ್ಕೆ ಅಂಥ ಜಾಗವೂ ಉಂಟು.

ಈ ಕಲ್ಲಿನ ಸಾಲುಗಳನ್ನು ಹೊಸಹಳ್ಳಿಯ ಸಾಲಿನ ಪಕ್ಕದಲ್ಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ವ್ಯಾಕರಣ. ‘ನಡೆದೆವು, ಗೆದ್ದೆವು’ ಎಂಬಲ್ಲಿ ‘ನಾವು’ ಎಂಬ ಪದವಿಲ್ಲ. ಆದರೆ ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟಮಾತ್ರಕ್ಕೆ ‘ನಾನು’ ಹೋಗುವುದಿಲ್ಲ. ಕ್ರಿಯಾಪದದ ಬಾಲದಲ್ಲಿ ‘ಎನು’, ‘ಎವು’ ಆಗಿ ಕುಳಿತೇ ಇರುತ್ತದೆ. ಬೆಟ್ಟದ ಯಾತ್ರಿಕ ‘ವಂದಿಸಿದೆನು’ ಎನ್ನದೆ ‘ವಂದಿಸಿದನು’ ಎಂದ. ತನ್ನನ್ನೇ ಬೇರೊಬ್ಬನಂತೆ ದೂರದಲ್ಲಿ ನಿಲ್ಲಿಸಿ ಹೇಳಿದ. ನಮ್ಮ ಮಾತಿಗೆ ಇದಕ್ಕಿಂತಲೂ ಸಹಜವಾದ ಇನ್ನೊಂದು ದಾರಿಯಿದೆ. ಗುಡಿಯಿಂದ ಬಂದವರನ್ನು ಕೇಳಿ ನೋಡಿ: ‘ದರ್ಶನ ಮಾಡಿದೆವು’ ಎನ್ನುವವರಿಗಿಂತ ‘ದರ್ಶನವಾಯಿತು’ ಎನ್ನುವವರು ಹೆಚ್ಚು. ಆಯಿತು, ಸಿಕ್ಕಿತು, ಕೂಡಿಬಂತು. ಇಲ್ಲಿ ಕರ್ತೃ ದರ್ಶನವೇ. ನಾವು ಚತುರ್ಥೀ ವಿಭಕ್ತಿಯಲ್ಲಿ, ‘ನಮಗೆ’ ಎಂದು, ಕೈಯೊಡ್ಡಿ ನಿಂತವರು. ಭಕ್ತಿಯನ್ನು ಯಾರೂ ಕಲಿಸುವ ಮೊದಲೇ ಭಾಷೆ ಕಲಿಸಿರುತ್ತದೆ.

ಹಾಗೆಂದು ಇದನ್ನೊಂದು ಸೂತ್ರವಾಗಿ ಹಿಡಿದರೆ ಕೆಡುತ್ತದೆ. ನಾವು ಇಷ್ಟನ್ನು ಬರೆದು ಕಳಿಸಿದ ಮೇಲೆ ಉಪಾಧ್ಯಾಯರಿಂದ ಎರಡನೆಯ ಸಾಲು ಬಂತು: ‘ಪಾಮರರಾದ ನಮ್ಮನ್ನೂ ಸ್ವಾಮಿ ಕರೆಸಿಕೊಂಡ.’ ‘ಕರೆಸಿಕೊಳ್ಳುವುದು’ ಜನರ ಬಾಯಿಯ ಸೊಗಸಾದ ಮಾತು. ಮುದುಕಿಯೊಬ್ಬಳು ಅದನ್ನು ನಿಟ್ಟುಸಿರಿನೊಡನೆ ಆಡಿದಾಗ ಅದಕ್ಕೆ ಎಣೆಯಿಲ್ಲ. ಅಚ್ಚಿನಲ್ಲಿ, ಚಿತ್ರದಡಿಯಲ್ಲಿ, ಅದು ಬೇರೆಯಾಗಿಬಿಡುತ್ತದೆ: ನಮ್ಮನ್ನು ಕರೆಸಿಕೊಂಡ, ಮನೆಯಲ್ಲುಳಿದ ನಿಮ್ಮನ್ನಲ್ಲ ಎಂಬ ಧ್ವನಿ ಒಳಗಿನಿಂದ ಹೊರಡುತ್ತದೆ. ‘ಪಾಮರ’ ಎಂಬುದಂತೂ ವಿನಯದ ವೇಷ. ಓದುವವನು “ಛೇ, ಹಾಗೆನ್ನಬೇಡಿ” ಎನ್ನಲೇಬೇಕೆಂದು ಅದು ಕಾದು ನಿಂತಿರುತ್ತದೆ.

ಮೂರನೆಯ ಸಾಲು ಯಾತ್ರೆಯೆಂದರೆ ಗುರಿಯಲ್ಲ, ದಾರಿಯೇ ಎಂಬ ಅರ್ಥದ ಸೂಕ್ತಿ. ಇದರಲ್ಲಿ ಆತ್ಮಪ್ರಶಂಸೆ ಇಲ್ಲ, ನಿಜ. ಆದರೆ ಚಿತ್ರವನ್ನು ಕೈಯಿಂದ ಮುಚ್ಚಿ ಸಾಲನ್ನಷ್ಟೇ ಓದಿ ನೋಡಿದೆವು. ಅದು ಕಾಶಿಗೂ ಒಪ್ಪುತ್ತದೆ, ಓಟದ ಪಂದ್ಯಕ್ಕೂ ಒಪ್ಪುತ್ತದೆ, ವಿಮಾ ಕಂಪನಿಯ ಜಾಹೀರಾತಿಗೂ ಒಪ್ಪುತ್ತದೆ. ಆ ಧೂಳಿನ ಕಾಲುಗಳಿಗೂ ಮಡಿಲಿನ ಚಪ್ಪಲಿಗೂ ಅದು ಏನೂ ಅಲ್ಲ. ಅಡಿಬರಹಕ್ಕೆ ನಾವು ಪತ್ರಿಕೆಯವರು ಇಟ್ಟುಕೊಂಡಿರುವ ಹಳೆಯ ಪರೀಕ್ಷೆ ಇದು: ಚಿತ್ರದಲ್ಲಿ ಕಾಣುವುದನ್ನು ಮತ್ತೆ ಹೇಳಬಾರದು, ಚಿತ್ರಕ್ಕೆ ಸೇರದ್ದನ್ನೂ ಹೇಳಬಾರದು. ಎಲ್ಲಿ, ಯಾವಾಗ, ಯಾರು ಎಂಬಷ್ಟನ್ನು ತಿಳಿಸಿ, ಕ್ಯಾಮರಾಕ್ಕೆ ಸಿಕ್ಕದ ಒಂದೇ ಒಂದು ಸಂಗತಿಯನ್ನು ಸೇರಿಸಿದರೆ ಸಾಕು.

ಆದ್ದರಿಂದ ಅವರಿಗೊಂದು ಪ್ರಶ್ನೆ ಕೇಳಿದೆವು. ಆ ರಾತ್ರಿ ನೀವು ಮಾಡದೆ, ನಿಮಗೆ ಆದದ್ದು ಏನು?

ಉತ್ತರ ಬರಲು ನಾಲ್ಕು ದಿನ ಹಿಡಿಯಿತು. ಬಂದದ್ದು ಸಾಲಲ್ಲ, ದೊಡ್ಡ ಪತ್ರ. ನಡುರಾತ್ರಿ ಮೀರಿತ್ತಂತೆ. ಆಗತಾನೆ ಚಂದ್ರ ಮೂಡಿದ್ದ. ದಾರಿಯ ಒಂದು ಊರಿನ ಹೊರಗೆ, ಮೂರು ಕಲ್ಲಿನ ಒಲೆಯ ಮುಂದೆ ಒಬ್ಬ ಅಜ್ಜಿ ಕುಳಿತಿದ್ದಳು. ಆ ದಾರಿಗಳಲ್ಲಿ ಹೀಗೆ ಮಂಡಕ್ಕಿ, ಮಜ್ಜಿಗೆ, ಬಾಳೆಹಣ್ಣು ಕೊಡುವವರು ಬಹಳ. ಈಕೆ ಅಂಬಲಿ ಕೊಟ್ಟಳು. ಕುಡಿದು ಏಳುವಾಗ ಸೆರಗಿನ ಗಂಟು ಬಿಚ್ಚಿ ಕಾಸು ಎಣಿಸಿ ಕೊಟ್ಟು, “ನನಗ ನಡಿಯಾಕ ಆಗೂದಿಲ್ಲಪ್ಪ, ನನ್ನ ಹೆಸರಿನ್ಯಾಗ ಒಂದು ಕಾಯಿ ಒಡಿಸ್ರಿ” ಎಂದಳು. ಆಗಲೆಂದು ಹೊರಟರು. ಬೆಳಗಾಗಿ ಕೊಟ್ಟೂರು ಮುಟ್ಟಿ, ಕಾಯಿ ಕೊಂಡು, ಸರದಿಯಲ್ಲಿ ನಿಂತು, ಅರ್ಚಕರ ಮುಂದೆ ಕೈಚಾಚಿದಾಗ ನೆನಪಾಯಿತು: ಅವಳ ಹೆಸರನ್ನು ಕೇಳಿಯೇ ಇರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಆ ಮುದುಕರು, ಚಿತ್ರದಲ್ಲಿ ಬೇರೆಲ್ಲೋ ನೋಡುತ್ತಿರುವವರು, “ಅಂಬಲಿ ಕೊಟ್ಟಾಕಿದು” ಎಂದು ಹೇಳಿ ಕಾಯಿಯನ್ನು ಮುಂದೆ ನೀಡಿದರು.

“ಇದನ್ನು ಬರೆಯಲು ನಾಚಿಕೆಯಾಗಿತ್ತು,” ಎಂದಿದ್ದರು ಉಪಾಧ್ಯಾಯರು. “ಅದಕ್ಕೇ ಮೊದಲ ಸಾಲಿನಲ್ಲಿ ಕಲ್ಲು, ಕತ್ತಲೆ ಎಲ್ಲ ಬಂದವೆಂದು ಈಗ ಅನ್ನಿಸುತ್ತದೆ.”

ಇದಾದ ಮೇಲೆ ಸಾಲು ಕಟ್ಟುವುದು ಕಷ್ಟವಾಗಲಿಲ್ಲ. ಒಂದು ಪದಕ್ಕೆ ಮಾತ್ರ ಸ್ವಲ್ಪ ಚರ್ಚೆ ನಡೆಯಿತು. ಅವರು ‘ಆ ತಾಯಿಯ ಕಾಯಿಯನ್ನೂ ಒಡೆಸಿದೆವು’ ಎಂದು ಬರೆದಿದ್ದರು. ಮತ್ತೆ ‘ಎವು’ ಬಂತಲ್ಲ ಎಂದು ಅವರೇ ಹೊಡೆದುಹಾಕಿ ‘ಒಡೆಸಲಾಯಿತು’ ಎಂದು ಮಾಡಿದ್ದರು. ಅದು ತಾಲ್ಲೂಕು ಕಚೇರಿಯ ವರದಿಯಂತೆ ಕೇಳುತ್ತದೆಂದು ನಾವು ತಕರಾರು ತೆಗೆದೆವು. ಕೊಟ್ಟದ್ದು ಕೊಟ್ಟ ಜಾಗಕ್ಕೆ ಮುಟ್ಟಿದಾಗ ಕನ್ನಡದಲ್ಲಿ ಆಡುವ ಮಾತೊಂದಿದೆ, ಸಲ್ಲುವುದು. ಅದರಲ್ಲಿ ಕೊಂಡೊಯ್ದವನ ಸುದ್ದಿಯೇ ಇಲ್ಲ. ಅದನ್ನು ಅವರು ಒಪ್ಪಿದರು.

ಬರಿಗಾಲನ್ನು ಬಿಟ್ಟೆವು, ಅದು ಚಿತ್ರದಲ್ಲೇ ಕಾಣುತ್ತದೆ. ದೂರವನ್ನೂ ಬಿಟ್ಟೆವು, ಅದನ್ನು ಅಳೆದು ಹೇಳಲು ರಸ್ತೆಯ ಬದಿಯ ಕಲ್ಲುಗಳಿವೆ. ‘ನಡೆದು’ ಎಂಬ ಪದವನ್ನು ಮಾತ್ರ ಬಿಡಬಾರದೆಂದು ಉಪಾಧ್ಯಾಯರು ಕೇಳಿಕೊಂಡರು. ನಡೆದು ಹೋಗದಿದ್ದರೆ ಆ ಒಲೆಯ ಮುಂದೆ ನಿಲ್ಲುತ್ತಲೇ ಇರಲಿಲ್ಲವೆಂಬುದು ಅವರ ಕಾರಣ. ಅದು ಸರಿಯಾದ ಕಾರಣ. ಚಿತ್ರದಡಿಯಲ್ಲಿ ನಿಂತ ಸಾಲು ಇದು:

‘ಕೊಟ್ಟೂರು, ತೇರಿನ ದಿನದ ಬೆಳಗು. ಹೊಸಹಳ್ಳಿಯಿಂದ ನಡೆದು ಬಂದವರು. ದಾರಿಯಲ್ಲಿ ಅಂಬಲಿ ಕೊಟ್ಟ ತಾಯಿಯ ಕಾಯಿ ಸಂದಿತು.’

ಬರುವ ವರ್ಷ ಹೋಗುವಾಗ ಹೆಸರು ಕೇಳಿಕೊಂಡು ಬರುವುದಾಗಿ ಅವರು ಬರೆದಿದ್ದಾರೆ.