ಮಣಿಕಟ್ಟಿನ ಮೌನ
ಗ್ರಂಥಾಲಯದಲ್ಲಿ ಕೂತಿದ್ದೆ. ನಾಲ್ಕು ಗಂಟೆಯ ಮೀಟಿಂಗಿಗೆ ಹತ್ತು ನಿಮಿಷ ಮೊದಲು ವಾಚು ಮೆಲ್ಲಗೆ ನಡುಗಬೇಕಿತ್ತು. ನಡುಗಲಿಲ್ಲ, ಬದಲಿಗೆ ಚೀಲದೊಳಗಿನ ಫೋನು ಕೂಗಿಕೊಂಡಿತು. ಎದುರಿಗಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿದ ನೋಟ ಇನ್ನೂ ನೆನಪಿದೆ. ತಪ್ಪು ವಾಚಿನ ಪಟ್ಟಿಯದು. ಸೆಕೆಗೆಂದು ಒಂದು ತೂತು ಸಡಿಲ ಮಾಡಿದ್ದೆ. ವಾಚಿನ ಹಿಂಬದಿಯ ಸೆನ್ಸರಿಗೆ ಚರ್ಮ ತಾಗದಿದ್ದರೆ ಅದು ತನ್ನನ್ನು ಬಿಚ್ಚಿಟ್ಟಿದ್ದಾರೆಂದೇ ತಿಳಿದು ಲಾಕ್ ಆಗಬಹುದು, ಆಗ ಸೂಚನೆ ಫೋನಿಗೇ ಹೋಗುತ್ತದೆ. ವಾಚಿನ ಮುಖ ನೋಡಿದಾಗ ಪಿನ್ ಕೇಳಿದರೆ ಕಾಯಿಲೆ ಇದೇ ಎಂದು ಗೊತ್ತಾಗುತ್ತದೆ. ಇನ್ನೊಂದು ವಿಚಿತ್ರ: ಫೋನನ್ನು ಕೈಯಲ್ಲಿ ಹಿಡಿದು ಬಳಸುತ್ತಿದ್ದರೂ ಕೆಲವು ವಾಚುಗಳು ಸುಮ್ಮನಿರುತ್ತವೆ, ‘ಹೇಗೂ ನೋಡುತ್ತಿದ್ದಾನಲ್ಲ’ ಎಂಬ ಲೆಕ್ಕ. ಈಗ ನಾನು ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟುತ್ತೇನೆ. ಮುಖ್ಯವಾದದ್ದಕ್ಕೆ ಫೋನಿನ ಕ್ಯಾಲೆಂಡರನ್ನು ನೆಚ್ಚದೆ ವಾಚಿನಲ್ಲೇ ಅಲಾರಂ ಇಟ್ಟು ವಾಚನ್ನು ಸೈಲೆಂಟ್ ಮಾಡುತ್ತೇನೆ. ಫೋನು ಮನೆಯಲ್ಲೇ ಉಳಿದರೂ ವಾಚು ನಡುಗುತ್ತದೆ. ಫೋನಿನ ಸದ್ದನ್ನಂತೂ ಬಾಗಿಲಲ್ಲೇ ಅಡಗಿಸುತ್ತೇನೆ. ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಪರೀಕ್ಷೆಗೆಂದು ವಾಚಿನಲ್ಲಿ ಒಂದು ನಿಮಿಷದ ಟೈಮರ್ ಒತ್ತುತ್ತೇನೆ. ಚಪ್ಪಲಿ ಬಿಡುವಷ್ಟರಲ್ಲಿ ಕೈ ಜುಮ್ಮೆನ್ನಬೇಕು.